ಮುಜಿರಿಸ್‌ನಿಂದ ಹೊರಟ ಮೆಣಸು: ವ್ಯಾಪಾರ ಮಾರ್ಗದ ಅಧ್ಯಾಯವನ್ನು ಮಲಗುವ ಹೊತ್ತಿನ ಕಥೆಯಾಗಿಸುವ ಬಗೆ

ಪ್ರಾಚೀನ ಭಾರತಕ್ಕೂ ರೋಮ್ ಸಾಮ್ರಾಜ್ಯಕ್ಕೂ ನಡೆದ ಸಮುದ್ರ ವ್ಯಾಪಾರದ ಅಧ್ಯಾಯ ಯಾವ ಪುಸ್ತಕದಲ್ಲಿದ್ದರೂ ಅದರ ಒಡಲು ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ಮೊದಲು ಮುಂಗಾರು ಗಾಳಿಯ ವಿವರಣೆ, ಆಮೇಲೆ ಬಂದರುಗಳ ಪಟ್ಟಿ, ಅದಾದ ಮೇಲೆ ಆಮದು ರಫ್ತಿನ ಸರಕುಗಳು, ಪ್ರಾಚೀನ ತಮಿಳಿನ ಸಂಗಂ ಕಾವ್ಯದ ಒಂದೆರಡು ಸಾಲು, ನಾಣ್ಯಗಳ ನಿಧಿ, ಕೊನೆಗೆ ಭಾರತವು ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹಣವನ್ನು ಸೆಳೆದುಕೊಳ್ಳುತ್ತಿದೆ ಎಂಬ ರೋಮನ್ ಲೇಖಕ ಪ್ಲಿನಿಯ ದೂರು. ಇಪ್ಪತ್ತು ಮೂವತ್ತು ಪುಟಗಳ ಇಂಥ ಅಧ್ಯಾಯವನ್ನು ಆರರಿಂದ ಒಂಬತ್ತು ವರ್ಷದ ಮಗುವಿಗೆ ಏಳೆಂಟು ನಿಮಿಷಗಳಲ್ಲಿ, ಅದೂ ದೀಪ ಆರಿಸುವ ಮುನ್ನ, ಹೇಗೆ ಹೇಳಬೇಕು ಎಂಬುದನ್ನು ಇಲ್ಲಿ ಒಂದೇ ಉದಾಹರಣೆಯನ್ನು ಹಿಡಿದು ವಿವರಿಸಲಾಗಿದೆ. ಉದಾಹರಣೆಯೆಂದರೆ ಕೇರಳದ ಕರಾವಳಿಯ ಮುಜಿರಿಸ್‌ನಿಂದ ಈಜಿಪ್ಟಿನ ಬೆರೆನಿಕೆಯವರೆಗಿನ ಕಾಳುಮೆಣಸಿನ ದಾರಿ.

ಸಾರಾಂಶ ಬೇರೆ, ಕಥೆ ಬೇರೆ. ಮೂವತ್ತು ಪುಟವನ್ನು ಮೂರು ಪುಟಕ್ಕೆ ಇಳಿಸಿದರೆ ಸಾರಾಂಶ ಸಿಗುತ್ತದೆ; ಅದನ್ನು ಹಾಸಿಗೆಯ ಬಳಿ ಓದಿದರೆ ಮಗು ಎರಡನೆಯ ವಾಕ್ಯಕ್ಕೇ ಫ್ಯಾನಿನ ಕಡೆ ನೋಡುತ್ತದೆ. ಕಥೆಗಾಗಿ ಅಧ್ಯಾಯದ ಬಹುಪಾಲನ್ನು ಹಾಗೆಯೇ ಬಿಟ್ಟುಬಿಟ್ಟು, ಒಂದು ಎಳೆಯನ್ನು ಮಾತ್ರ ಪೂರ್ತಿಯಾಗಿ ಎಳೆದುಕೊಳ್ಳಬೇಕು.

ಮೊದಲ ಹಂತ: ಚಲಿಸುವ ವಸ್ತುವೊಂದನ್ನು ಆರಿಸಿಕೊಳ್ಳುವುದು

ವ್ಯಾಪಾರ ಮಾರ್ಗವೆಂಬುದು ಮಗುವಿನ ಕಣ್ಣಿಗೆ ಕಾಣುವ ವಸ್ತುವಲ್ಲ. ಆ ದಾರಿಯಲ್ಲಿ ಸಾಗುವ ಸರಕು ಕಾಣುತ್ತದೆ. ಆದ್ದರಿಂದ ಅಧ್ಯಾಯದ ಸರಕಿನ ಪಟ್ಟಿಯಿಂದ ಒಂದನ್ನೇ ಆರಿಸಬೇಕು, ಮತ್ತು ಆ ಸರಕು ಮಗುವಿನ ಅಡುಗೆಮನೆಯಲ್ಲಿ ಇರುವಂಥದ್ದಾದರೆ ಅರ್ಧ ಕೆಲಸ ಮುಗಿದಂತೆ. ಮುತ್ತು, ದಂತ, ಜಟಾಮಾಂಸಿ, ನುಣುಪಾದ ಬಟ್ಟೆ, ಕಾಳುಮೆಣಸು ಎಲ್ಲವೂ ಈ ದಾರಿಯಲ್ಲಿ ಸಾಗಿದವು. ಜಟಾಮಾಂಸಿಯನ್ನು ಬೆಂಗಳೂರಿನ ಮಕ್ಕಳು ನೋಡಿರುವುದಿಲ್ಲ; ದಂತವೆಂದರೆ ಆನೆ ಸತ್ತ ಮಾತು ಬರುತ್ತದೆ, ಮಲಗುವ ಹೊತ್ತಿಗೆ ಅದು ಬೇಡ. ಮೆಣಸು ಮಾತ್ರ ಪೊಂಗಲ್‌ನಲ್ಲಿ ಹಲ್ಲಿಗೆ ಸಿಕ್ಕಿ ಎಲ್ಲ ಮಕ್ಕಳನ್ನೂ ಒಮ್ಮೆಯಾದರೂ ಅಳಿಸಿದೆ.

ಮೆಣಸನ್ನು ಆರಿಸಲು ಇನ್ನೊಂದು ಗಟ್ಟಿಯಾದ ಕಾರಣವಿದೆ. ಕೆಂಪು ಸಮುದ್ರದ ದಡದ ಬೆರೆನಿಕೆಯಲ್ಲಿ ನಡೆದ ಉತ್ಖನನದಲ್ಲಿ, 1990ರ ದಶಕದ ಕೊನೆಯ ಹೊತ್ತಿಗೆ, ಸೆರಾಪಿಸ್ ದೇವರ ಗುಡಿಯ ಅಂಗಳದ ನೆಲದಲ್ಲಿ ಹೂತಿದ್ದ ಒಂದು ದೊಡ್ಡ ಮಡಕೆ ಸಿಕ್ಕಿತು. ಮಡಕೆ ಭಾರತದಲ್ಲಿ ಮಾಡಿದ್ದು. ಅದರೊಳಗೆ ಸುಮಾರು ಏಳೂವರೆ ಕಿಲೋ ಕಾಳುಮೆಣಸು ಹಾಗೆಯೇ ಇತ್ತು. ಕ್ರಿ.ಶ. ಒಂದನೆಯ ಶತಮಾನದ್ದೆಂದು ಅದನ್ನು ಗುರುತಿಸಿದ್ದಾರೆ. ಹೊರಟ ಜಾಗ, ತಲುಪಿದ ಜಾಗ ಎರಡೂ ಗೊತ್ತಿದ್ದು, ತಲುಪಿದ ಮೇಲೆ ಕದಲದೆ ಉಳಿದ ಸರಕು ಇದು. ಕಥೆಗೆ ಬೇಕಾದ ಕೊನೆಯನ್ನು ಇತಿಹಾಸವೇ ಕೊಟ್ಟಿರುವಾಗ ನಾವು ಕಟ್ಟಬೇಕಾದ ಅಗತ್ಯವಿಲ್ಲ. ಅಧ್ಯಾಯವನ್ನು ಓದುವಾಗ ಮೊದಲು ಹುಡುಕಬೇಕಾದದ್ದು ಇಂಥ ಒಂದು ನಿಲುಗಡೆಯನ್ನು; ಆರಂಭ ಆಮೇಲೆ ತಾನಾಗಿಯೇ ಹೊಳೆಯುತ್ತದೆ.

ಎರಡನೆಯ ಹಂತ: ಪೆನ್ಸಿಲ್ ಹಿಡಿದು ಓದುವುದು

ಅಧ್ಯಾಯವನ್ನು ಎರಡನೆಯ ಸಲ ಓದುವಾಗ ಅಂಚಿನಲ್ಲಿ ಮೂರೇ ಬಗೆಯ ಗುರುತು ಹಾಕಿಕೊಳ್ಳಬೇಕು. ಖಚಿತವಾಗಿ ಗೊತ್ತಿರುವುದಕ್ಕೆ ಒಂದು ಗೆರೆ, ವಿದ್ವಾಂಸರು ಊಹಿಸಿರುವುದಕ್ಕೆ ಒಂದು ಸೊನ್ನೆ, ಈ ಕಥೆಗೆ ಬೇಡದ್ದಕ್ಕೆ ಒಂದು ಅಡ್ಡಗೀಟು. ಕಥೆಯ ಎಲುಬುಗಳೆಲ್ಲ ಗೆರೆ ಹಾಕಿದ ಸಂಗತಿಗಳಿಂದಲೇ ಬರಬೇಕು. ಹುಡುಗಿಯೊಬ್ಬಳು, ಅವಳ ಅಜ್ಜಿ, ಅವರ ಮಾತು ಇವನ್ನೆಲ್ಲ ನಾವು ಧಾರಾಳವಾಗಿ ಸೇರಿಸಬಹುದು. ಊರು, ಗಾಳಿ, ದಿನಗಳ ಲೆಕ್ಕ, ಸರಕು ಇವುಗಳಲ್ಲಿ ಒಂದನ್ನೂ ಬದಲಿಸಬಾರದು.

ಈ ಅಧ್ಯಾಯದಲ್ಲಿ ಗೆರೆ ಪಡೆಯುವ ಸಂಗತಿಗಳು ಕೆಲವೇ. ಪ್ಲಿನಿ ತನ್ನ ಗ್ರಂಥದಲ್ಲಿ ಪ್ರಯಾಣದ ಲೆಕ್ಕವನ್ನು ಬಿಡಿಸಿ ಹೇಳಿದ್ದಾನೆ: ನೈಲ್ ನದಿಯಲ್ಲಿ ಕಾಪ್ಟೋಸ್‌ವರೆಗೆ ದೋಣಿ, ಅಲ್ಲಿಂದ ಒಂಟೆಗಳ ಮೇಲೆ ಮರುಭೂಮಿ ದಾಟಿ ಹನ್ನೆರಡನೆಯ ದಿನಕ್ಕೆ ಬೆರೆನಿಕೆ, ಬಿಸಿಲಿನ ದೆಸೆಯಿಂದ ಬಹುಪಾಲು ಪಯಣ ರಾತ್ರಿಯಲ್ಲಿ, ಹಗಲೆಲ್ಲ ನೀರಿನ ತಂಗುದಾಣಗಳಲ್ಲಿ ವಿಶ್ರಾಂತಿ, ಬೇಸಿಗೆಯ ನಡುವೆ ಹಡಗು ಬಿಟ್ಟರೆ ಸುಮಾರು ಮೂವತ್ತು ದಿನಕ್ಕೆ ಅರೇಬಿಯದ ಓಕೆಲಿಸ್, ಅಲ್ಲಿಂದ ಗಾಳಿ ಹಿಡಿದರೆ ನಲವತ್ತು ದಿನಕ್ಕೆ ಮುಜಿರಿಸ್. ಮರಳಿ ಹೊರಡುವುದು ಡಿಸೆಂಬರ್ ಅಥವಾ ಜನವರಿಯ ಮೊದಲ ಭಾಗದಲ್ಲಿ. ಇನ್ನು ನಮ್ಮ ಕಡೆಯ ಸಾಕ್ಷ್ಯವಾಗಿ ಸಂಗಂ ಕಾವ್ಯಗಳಿವೆ. ಅಗನಾನೂರಿನ ಒಂದು ಪದ್ಯದಲ್ಲಿ ಯವನರ, ಅಂದರೆ ಗ್ರೀಕ್ ಮತ್ತು ರೋಮನ್ ವ್ಯಾಪಾರಿಗಳ, ಚೆಲುವಾದ ಹಡಗುಗಳು ಚೇರರ ಹೊಳೆಯ ಬೆಳ್ನೊರೆಯನ್ನು ಕಲಕುತ್ತ ಚಿನ್ನದೊಂದಿಗೆ ಬಂದು ಮೆಣಸಿನೊಂದಿಗೆ ಮರಳುತ್ತವೆ. ಪುರನಾನೂರಿನ ಇನ್ನೊಂದು ಪದ್ಯದಲ್ಲಿ ಮನೆಗಳಲ್ಲಿ ಒಟ್ಟಿದ ಮೆಣಸಿನ ಮೂಟೆಗಳೂ, ಹಡಗು ತಂದ ಚಿನ್ನವನ್ನು ದಡಕ್ಕೆ ಸಾಗಿಸುವ ಸಣ್ಣ ದೋಣಿಗಳೂ ಇವೆ. ಕಥೆಗೆ ಇಷ್ಟು ಸಾಕು, ಇದೇ ಹೆಚ್ಚು.

ಅಡ್ಡಗೀಟು ಬೀಳುವ ಕಡೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾಗುತ್ತದೆ. ಎರಡನೆಯ ಶತಮಾನದ ಒಂದು ಪಪೈರಸ್ ಸಾಲಪತ್ರ ವಿಯೆನ್ನಾದ ಗ್ರಂಥಾಲಯದಲ್ಲಿದೆ; ಅದರ ಹಿಂಬದಿಯಲ್ಲಿ ಮುಜಿರಿಸ್‌ನಿಂದ ಬಂದ ಹಡಗೊಂದರ ಸರಕಿನ ಲೆಕ್ಕವಿದ್ದು, ಹಡಗಿನ ಹೆಸರು ಹರ್ಮಾಪೊಲೋನ್ ಎಂದಿದೆ. ಇಂಥ ಸೊಗಸಾದ ಹೆಸರು ಸಿಕ್ಕರೆ ಯಾವ ಕಥೆಗಾರನಾದರೂ ಅದನ್ನು ಎತ್ತಿಕೊಳ್ಳಲು ಹಾತೊರೆಯುತ್ತಾನೆ. ಆದರೆ ಬೆರೆನಿಕೆಯ ಮಡಕೆ ಒಂದನೆಯ ಶತಮಾನದ್ದು, ಈ ಹಡಗು ಎರಡನೆಯ ಶತಮಾನದ್ದು. ಒಂದರ ಮೆಣಸನ್ನು ಇನ್ನೊಂದಕ್ಕೆ ತುಂಬಿದರೆ, ಮುಂದೆ ಮಗು ದೊಡ್ಡದಾಗಿ ಅದೇ ಅಧ್ಯಾಯವನ್ನು ಓದಿದಾಗ ಕಥೆ ಸುಳ್ಳಾಗುತ್ತದೆ. ಎರಡು ಮಾರ್ಗಗಳಿವೆ: ಮಡಕೆಯನ್ನು ಬಿಟ್ಟು ಹಡಗನ್ನು ಹಿಡಿಯಬಹುದು, ಅಥವಾ ಹಡಗಿಗೆ ಹೆಸರಿಡದೆ ಮಡಕೆಯನ್ನು ಹಿಡಿಯಬಹುದು. ನಾನು ಮಡಕೆಯ ಪಕ್ಷ.

ಇದೇ ರೀತಿ, ಹಿಪ್ಪಾಲಸ್ ಎಂಬ ನಾವಿಕ ಮುಂಗಾರು ಗಾಳಿಯನ್ನು ಕಂಡುಹಿಡಿದ ಎಂಬ ಮಾತು ಅನೇಕ ಅಧ್ಯಾಯಗಳಲ್ಲಿ ಕಾಣುತ್ತದೆ. ಗ್ರೀಕ್ ನಾವಿಕರಿಗೆ ಕಡಲನ್ನು ನೇರವಾಗಿ ಅಡ್ಡಹಾಯುವ ದಾರಿ ತಿಳಿದ ಬಗೆಯನ್ನು ಅದು ಹೇಳುತ್ತದೆಯೇ ಹೊರತು, ಅರಬ್ ಮತ್ತು ಭಾರತೀಯ ನಾವಿಕರು ಆ ಗಾಳಿಯನ್ನು ಅದಕ್ಕೂ ಮೊದಲೇ ಬಳಸುತ್ತಿದ್ದರು. ಒಬ್ಬ ವೀರನ ಕಥೆಯಾಗಿ ಹೇಳಲು ಸುಲಭವೆಂಬ ಒಂದೇ ಕಾರಣಕ್ಕೆ ಅದನ್ನು ಒಳಗೆ ಬಿಟ್ಟುಕೊಳ್ಳಬಾರದು.

ಮೂರನೆಯ ಹಂತ: ಗಾಳಿಯನ್ನೂ ಕೊಯ್ಲನ್ನೂ ಒಂದೇ ಪಂಚಾಂಗಕ್ಕೆ ತರುವುದು

ಬರೆಯಲು ಕೂರುವ ಮೊದಲು ಒಂದು ಹಾಳೆಯ ಮೇಲೆ ಹನ್ನೆರಡು ತಿಂಗಳನ್ನು ಬರೆದು, ಕಥೆಯ ಪ್ರತಿಯೊಂದು ಘಟನೆಯನ್ನೂ ಅದರ ತಿಂಗಳ ಎದುರಿಗೆ ಇಡಬೇಕು. ಈ ಕೆಲಸವನ್ನು ಬಿಟ್ಟರೆ ಕಥೆ ಎಡವುವುದು ಖಂಡಿತ. ಜುಲೈ ಹೊತ್ತಿಗೆ ಈಜಿಪ್ಟಿನಿಂದ ಹೊರಟ ಹಡಗು ಮಳೆಯ ಅಬ್ಬರ ತಗ್ಗುವ ಹೊತ್ತಿಗೆ, ಸೆಪ್ಟೆಂಬರ್ ಆಸುಪಾಸಿನಲ್ಲಿ, ಮಲಬಾರ್ ಕರಾವಳಿಗೆ ಬರುತ್ತದೆ. ಆದರೆ ಪಶ್ಚಿಮ ಘಟ್ಟದಲ್ಲಿ ಮೆಣಸಿನ ಕೊಯ್ಲು ನಡೆಯುವುದು ಚಳಿಗಾಲದಲ್ಲಿ. ಹಾಗಾಗಿ ಹುಡುಗಿ ಬೆಳಿಗ್ಗೆ ಮೆಣಸು ಕೊಯ್ದು, ಸಂಜೆ ಆಗತಾನೇ ಬಂದ ಹಡಗಿಗೆ ಮಾರಿದಳೆಂದು ಬರೆದರೆ ತಿಂಗಳುಗಳು ಒಂದಕ್ಕೊಂದು ಹೊಂದುವುದಿಲ್ಲ. ಹಿಂದಿನ ಚಳಿಗಾಲದಲ್ಲಿ ಕೊಯ್ದು ಒಣಗಿಸಿದ ಮೂಟೆ, ಬೇಸಿಗೆಯನ್ನೂ ಮಳೆಗಾಲವನ್ನೂ ಮನೆಯಲ್ಲೇ ಕಳೆದು ಹಡಗಿಗಾಗಿ ಕಾಯಿತು ಎಂದರೆ ಎಲ್ಲವೂ ಸರಿಹೋಗುತ್ತದೆ. ಪದ್ಯದಲ್ಲಿ ಮನೆಯೊಳಗೆ ಒಟ್ಟಿದ ಮೂಟೆಗಳೂ ಇದಕ್ಕೆ ಹೊಂದುತ್ತವೆ. ಕಾಯುವಿಕೆಯೇ ಕಥೆಯ ಲಯವಾಗುತ್ತದೆ: ಮೊದಲು ಮೆಣಸು ಹಡಗಿಗಾಗಿ ಕಾಯುತ್ತದೆ, ಆಮೇಲೆ ಹಡಗು ಗಾಳಿಗಾಗಿ ಕಾಯುತ್ತದೆ. ಮಲಗುವ ಹೊತ್ತಿನ ಕಥೆಗೆ ಓಟಕ್ಕಿಂತ ಈ ನಿಧಾನವೇ ಲೇಸು.

ಪ್ಲಿನಿಯ ನಲವತ್ತು ದಿನ ಬರುವ ದಾರಿಯ ಲೆಕ್ಕ ಎಂಬುದನ್ನು ಮರೆಯಬಾರದು. ಹೋಗುವಾಗ ಬೇರೆ ಗಾಳಿ. ಆದ್ದರಿಂದ ಅದೇ ಸಂಖ್ಯೆಯನ್ನು ಮರುಪಯಣಕ್ಕೆ ಅಂಟಿಸುವಂತಿಲ್ಲ. ಹಾಗಾದರೆ ಮೆಣಸಿನ ಜೊತೆಗೆ ಸಾಗುವ ಕಥೆಯಲ್ಲಿ ಒಂಟೆ, ಮರುಭೂಮಿ, ರಾತ್ರಿ ಪಯಣ ಇವನ್ನೆಲ್ಲ ಎಲ್ಲಿ ಸೇರಿಸುವುದು? ಬಂದ ನಾವಿಕನ ಬಾಯಲ್ಲೇ ಹೇಳಿಸಿದರಾಯಿತು. ಅವನು ತಾನು ಬಂದ ದಾರಿಯನ್ನು ಮೆಣಸಿನ ಕಾಳುಗಳನ್ನು ಇಟ್ಟು ಎಣಿಸಿ ತೋರಿಸಲಿ. ಮೂವತ್ತು, ನಲವತ್ತು ಎಂದು ಕಿವಿಗೆ ಹೇಳಿದರೆ ಮಗುವಿಗೆ ಏನೂ ಆಗುವುದಿಲ್ಲ; ಚಾಪೆಯ ಮೇಲೆ ಕಾಳುಗಳ ಸಾಲು ಉದ್ದವಾಗುತ್ತಾ ಹೋಗುವುದನ್ನು ಹೇಳಿದರೆ ದೂರ ಕಣ್ಣಿಗೆ ಕಟ್ಟುತ್ತದೆ.

ನಾಲ್ಕನೆಯ ಹಂತ: ಅಂದು ಇರದಿದ್ದುದನ್ನು ಹೊರಗಿಡುವುದು

ಕೊಡಗಿಗೆ ಹೋಗಿಬಂದ ಬೆಂಗಳೂರಿನ ಮಗುವಿಗೆ ಮೆಣಸಿನ ಬಳ್ಳಿ ಎಂದೊಡನೆ ನೆಟ್ಟಗೆ ನಿಂತ ಸಿಲ್ವರ್ ಓಕ್ ಮರ ನೆನಪಾಗುತ್ತದೆ. ಬರೆಯುವವರಿಗೂ ಅದೇ ನೆನಪಾಗುತ್ತದೆ. ಆ ಮರ ಆಸ್ಟ್ರೇಲಿಯಾದಿಂದ ಬ್ರಿಟಿಷರ ಕಾಲದಲ್ಲಿ ಬಂದದ್ದು. ನಮ್ಮ ಬಳ್ಳಿಯನ್ನು ಹಲಸಿನ ಮರಕ್ಕೆ ಹಬ್ಬಿಸಬೇಕು. ಹಾಗೆಯೇ ಅಜ್ಜಿಯ ಅಡುಗೆಯಲ್ಲಿ ಮೆಣಸಿನಕಾಯಿ, ಟೊಮ್ಯಾಟೊ, ಆಲೂಗಡ್ಡೆ ಇರಕೂಡದು, ಅವೆಲ್ಲ ಪೋರ್ಚುಗೀಸರು ಬಂದ ಮೇಲಿನವು. ಕಾಫಿಯೂ ಇಲ್ಲ. ಹಡಗಿನಲ್ಲಿ ದಿಕ್ಸೂಚಿ ಇಲ್ಲ. ಕಥೆ ಬರೆದ ಮೇಲೆ ಪ್ರತಿಯೊಂದು ನಾಮಪದದ ಮೇಲೂ ಬೆರಳಿಟ್ಟು, ಇದು ಅಂದು ಅಲ್ಲಿ ಇತ್ತೇ ಎಂದು ಕೇಳಿಕೊಂಡರೆ ಹತ್ತು ನಿಮಿಷದಲ್ಲಿ ಈ ಪರೀಕ್ಷೆ ಮುಗಿಯುತ್ತದೆ.

ಹೆಸರುಗಳ ವಿಷಯದಲ್ಲಿ ಜಿಪುಣತನವೇ ಒಳ್ಳೆಯದು. ಎರಡು ಊರು, ಒಂದು ಹುಡುಗಿ; ಅದಕ್ಕಿಂತ ಹೆಚ್ಚು ವಿಶೇಷನಾಮಗಳನ್ನು ನಿದ್ದೆಗಣ್ಣಿನ ಮಗು ಹಿಡಿದಿಟ್ಟುಕೊಳ್ಳಲಾರದು. ಓಕೆಲಿಸ್, ಕಾಪ್ಟೋಸ್, ಸೆರಾಪಿಸ್ ಇವು ಅಧ್ಯಾಯದಲ್ಲೇ ಇರಲಿ.

ಅಧ್ಯಾಯದ ಕಠಿಣ ಭಾಗಗಳನ್ನು ಏನು ಮಾಡಬೇಕು ಎಂಬ ಪ್ರಶ್ನೆ ಬರುತ್ತದೆ. ಕಡಲ್ಗಳ್ಳರ ಭಯದಿಂದ ಹಡಗುಗಳಲ್ಲಿ ಬಿಲ್ಲುಗಾರರ ತಂಡಗಳನ್ನು ಒಯ್ಯುತ್ತಿದ್ದರೆಂದು ಪ್ಲಿನಿ ಹೇಳುತ್ತಾನೆ. ಈ ವ್ಯಾಪಾರ ನಡೆದದ್ದು ಗುಲಾಮಗಿರಿ ಇದ್ದ ಸಮಾಜದಲ್ಲಿ. ರಾತ್ರಿಯ ಕಥೆಯಲ್ಲಿ ಇವೆರಡನ್ನೂ ಬಿಡಬಹುದು, ಆದರೆ ಅವುಗಳ ಜಾಗದಲ್ಲಿ ಸುಳ್ಳನ್ನು ತುಂಬಬಾರದು. ಹಡಗಿನಲ್ಲಿದ್ದವರೆಲ್ಲ ನಗುನಗುತ್ತಾ ಹಾಡುತ್ತಾ ಬಂದರು ಎಂದು ಬರೆದರೆ ಅದು ಬರೀ ಬಿಟ್ಟದ್ದಲ್ಲ, ತಿರುಚಿದ್ದು.

ಐದನೆಯ ಹಂತ: ಕಥೆಯನ್ನು ಕಟ್ಟುವುದು

ಉದ್ದದ ಅಳತೆಯನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು. ಮಲಗಿಸುವ ಧ್ವನಿಯಲ್ಲಿ ಕನ್ನಡವನ್ನು ನಿಧಾನವಾಗಿ ಓದಿದರೆ ನಿಮಿಷಕ್ಕೆ ಎಪ್ಪತ್ತರಿಂದ ತೊಂಬತ್ತು ಪದಗಳು ಸಾಗುತ್ತವೆ. ಆದ್ದರಿಂದ ಐನೂರು ಪದಗಳ ಒಳಗಿನ ಕಥೆ, ನಡುವೆ ಬರುವ ಪ್ರಶ್ನೆಗಳನ್ನೂ ಸೇರಿಸಿ, ಎಂಟು ನಿಮಿಷದಲ್ಲಿ ಮುಗಿಯುತ್ತದೆ. ವಾಕ್ಯಗಳು ಆರಂಭದಲ್ಲಿ ಚುರುಕಾಗಿದ್ದು ಕೊನೆಕೊನೆಗೆ ಉದ್ದವಾಗಿ, ಒಂದೇ ಉಸಿರಿನಲ್ಲಿ ಇಳಿಯುವಂತಿರಬೇಕು. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಹಾಯಿ, ಮೂಟೆ, ಚಾಪೆ ಮುಂತಾದ ಪದಗಳು ಹೊಸವಾಗಿರಬಹುದು. ಅರ್ಥ ಹೇಳಲು ಕಥೆಯನ್ನು ನಿಲ್ಲಿಸದೆ, ಆ ವಸ್ತು ಏನು ಮಾಡುತ್ತದೆ ಎಂಬುದನ್ನು ಅದೇ ವಾಕ್ಯದಲ್ಲಿ ತೋರಿಸಬೇಕು. ಮೇಲಿನ ಹಂತಗಳಂತೆ ಕಟ್ಟಿದ ಕಥೆ ಹೀಗಿರುತ್ತದೆ:

*ಬಹಳ ಬಹಳ ಹಿಂದೆ, ಎರಡು ಸಾವಿರ ವರ್ಷಗಳ ಹಿಂದೆ, ಚೇರರಾಜರ ನಾಡಿನಲ್ಲಿ ವಳ್ಳಿ ಎಂಬ ಹುಡುಗಿ ಇದ್ದಳು. ಅವಳ ಮನೆಯ ಹಿಂದೆ ಬೆಟ್ಟ, ಮನೆಯ ಮುಂದೆ ಹೊಳೆ. ಹಿತ್ತಿಲಲ್ಲಿ ಒಂದು ಹಲಸಿನ ಮರ. ಆ ಮರವನ್ನು ತಬ್ಬಿಕೊಂಡು ಒಂದು ಮೆಣಸಿನ ಬಳ್ಳಿ.*

*ಚಳಿಗಾಲ ಬಂತು. ಅಜ್ಜಿ ಹಸಿರು ಕಾಳುಗಳನ್ನು ಬಿಡಿಸಿ ಚಾಪೆಯ ಮೇಲೆ ಹರಡಿದಳು. ಬಿಸಿಲು ಬಿತ್ತು. ಹಸಿರು ಕಾಳು ಕಂದಾಯಿತು. ಮತ್ತೆ ಬಿಸಿಲು ಬಿತ್ತು. ಕಂದು ಕಾಳು ಕಪ್ಪಾಗಿ, ಮೈಯೆಲ್ಲ ಸುಕ್ಕಾಯಿತು.*

*"ಅಜ್ಜೀ, ಮೆಣಸಿಗೂ ನಿನ್ನ ಹಾಗೇ ಮುಪ್ಪು ಬಂತಾ?"*

*"ಬಂತು ಮಗಳೇ. ಸುಕ್ಕು ಬಂದ ಮೇಲೇನೇ ನೋಡು, ಖಾರ ಜಾಸ್ತಿ."*

*ಅಪ್ಪ ಮೆಣಸನ್ನು ಮೂಟೆಗೆ ತುಂಬಿ ಬಾಯಿ ಬಿಗಿದ. ಮೂಟೆಯನ್ನು ಮನೆಯ ಮೂಲೆಯಲ್ಲಿ ಇಟ್ಟ. ಬೇಸಿಗೆ ಬಂತು. ಮೂಟೆ ಕಾಯಿತು. ಮಳೆ ಬಂತು. ಮೂಟೆ ಕಾಯಿತು. ಮಳೆ ನಿಲ್ಲುತ್ತಾ ಬಂದಾಗ ಹೊಳೆಯ ಮೇಲಿಂದ ಸುದ್ದಿ ಬಂತು: "ಹಡಗು ಬಂದಿದೆ!"*

*ಅಪ್ಪ, ವಳ್ಳಿ, ಮೆಣಸಿನ ಮೂಟೆ, ಮೂವರೂ ದೋಣಿ ಹತ್ತಿದರು. ದೋಣಿ ಹೊಳೆಯ ಜೊತೆಗೆ ಇಳಿದು ಇಳಿದು ಮುಜಿರಿಸ್ ಎಂಬ ಊರನ್ನು ಸೇರಿತು. ಅಲ್ಲಿ ನೀರಿಗಿಂತ ದೋಣಿಗಳೇ ಹೆಚ್ಚು. ಒಂದು ದೋಣಿಯ ತುಂಬ ಮೀನು. ಒಂದು ದೋಣಿಯ ತುಂಬ ಭತ್ತ. ದೂರದ ದೊಡ್ಡ ಹಡಗಿನಿಂದ ಬಂದ ಇನ್ನೊಂದು ಸಣ್ಣ ದೋಣಿಯಲ್ಲಿ ಥಳಥಳ ಚಿನ್ನ.*

*ಹಡಗಿನಿಂದ ಇಳಿದ ನಾವಿಕನನ್ನು ವಳ್ಳಿ ಕೇಳಿದಳು, "ನಿಮ್ಮ ಊರು ಎಷ್ಟು ದೂರ?" ಎರಡೂ ಭಾಷೆ ಬಲ್ಲ ಮಾವನೊಬ್ಬ ಅದನ್ನು ಅವನ ಭಾಷೆಯಲ್ಲಿ ಹೇಳಿದ. ನಾವಿಕ ನಕ್ಕು ಚಾಪೆಯ ಮೇಲೆ ಕೂತ. ಒಂದು ಹಿಡಿ ಮೆಣಸು ತೆಗೆದುಕೊಂಡ.*

*"ಮೊದಲು ಒಂಟೆಗಳ ಮೇಲೆ. ಹಗಲು ಸುಡುಬಿಸಿಲು, ಅದಕ್ಕೇ ಹಗಲು ನಿದ್ದೆ, ರಾತ್ರಿ ನಡಿಗೆ. ಒಂದು ರಾತ್ರಿ, ಎರಡು ರಾತ್ರಿ..." ಅವನು ಕಾಳು ಇಡುತ್ತಾ ಹೋದ. ಹನ್ನೆರಡು ಕಾಳಿಗೆ ಕಡಲ ದಡದ ಬೆರೆನಿಕೆ ಬಂತು. "ಅಲ್ಲಿಂದ ಹಡಗು. ಮೊದಲು ಒಂದು ಸಪೂರ ಕಡಲು." ಮೂವತ್ತು ಕಾಳು. "ಆಮೇಲೆ ದೊಡ್ಡ ಕಡಲು. ಗಾಳಿ ಹಾಯಿಯನ್ನು ಉಬ್ಬಿಸಿ ಹಡಗನ್ನು ತಳ್ಳುತ್ತದೆ, ತಳ್ಳುತ್ತಲೇ ಇರುತ್ತದೆ." ಮತ್ತೆ ನಲವತ್ತು ಕಾಳು. ಚಾಪೆ ಮುಗಿದು ಸಾಲು ನೆಲಕ್ಕೆ ಇಳಿಯಿತು.*

*"ಹಾಗಾದರೆ ನಾಳೆಯೇ ವಾಪಸ್ ಹೊರಡಬೇಡವೇ?"*

*"ಗಾಳಿ ಈಗ ಇತ್ತ ಬೀಸುತ್ತಿದೆ ಮಗೂ. ಅತ್ತ ತಿರುಗುವವರೆಗೆ ನಾವು ಇಲ್ಲೇ."*

*ಹಡಗು ಕಾಯಿತು. ಚಳಿ ಬಂತು. ಒಂದು ದಿನ ಗಾಳಿ ತಿರುಗಿತು. ವಳ್ಳಿಯ ಮೂಟೆಯನ್ನೂ ಹೊತ್ತು ಹಡಗು ಹೊರಟಿತು. ಬಿಳಿ ನೊರೆ ಎದ್ದಿತು, ಬಿಳಿ ನೊರೆ ಅಡಗಿತು.*

*ದೊಡ್ಡ ಕಡಲು ದಾಟಿ, ಸಪೂರ ಕಡಲು ದಾಟಿ, ಮೆಣಸು ಬೆರೆನಿಕೆಯನ್ನು ಸೇರಿತು. ಉಳಿದ ಮೂಟೆಗಳು ಒಂಟೆ ಏರಿ ಮುಂದೆ ಹೋದವು. ಸ್ವಲ್ಪ ಮೆಣಸು ಮಾತ್ರ ಹೋಗಲಿಲ್ಲ. ಅದನ್ನು ನಮ್ಮ ಕಡೆಯದೇ ಆದ ಒಂದು ದೊಡ್ಡ ಮಡಕೆಗೆ ತುಂಬಿ ಗುಡಿಯ ಅಂಗಳದಲ್ಲಿ ಇಟ್ಟಿದ್ದರು. ದಿನ ಕಳೆಯಿತು, ವರ್ಷ ಕಳೆಯಿತು, ಊರಿನ ಜನ ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು, ಮರಳುಗಾಡಿನ ಗಾಳಿ ಮೆಲ್ಲಗೆ ಮರಳನ್ನು ತಂದು ತಂದು ಗುಡಿಗೆ ಹೊದಿಸಿತು, ಮಡಕೆಗೂ ಹೊದಿಸಿತು, ಮಡಕೆಯೊಳಗಿನ ಸುಕ್ಕು ಸುಕ್ಕು ಮೆಣಸು ಸದ್ದಿಲ್ಲದೆ ಮಲಗಿತು. ನಿನ್ನ ಅಮ್ಮ ಚಿಕ್ಕವಳಾಗಿದ್ದಾಗ ಅದನ್ನು ಅಗೆದು ತೆಗೆದರು. ನೋಡಿದರೆ, ಅಷ್ಟೂ ಮೆಣಸು ಹಾಗೇ ಇತ್ತು.*

ಈ ಕಥೆಯಲ್ಲಿ ಯಾವುದು ಎಲ್ಲಿಂದ ಬಂತು ಎಂಬುದನ್ನು ಗಮನಿಸಬಹುದು. ವಳ್ಳಿ, ಅಜ್ಜಿ, ಮಾವ ಮತ್ತು ಅವರ ಮಾತುಗಳು ನಮ್ಮ ಕಲ್ಪನೆ. ಮಡಕೆಯಲ್ಲಿದ್ದದ್ದು ವಳ್ಳಿಯ ಮೂಟೆಯ ಮೆಣಸೇ ಎಂದು ಕಥೆ ಎಲ್ಲೂ ಹೇಳುವುದಿಲ್ಲ, "ಸ್ವಲ್ಪ ಮೆಣಸು" ಎಂದಷ್ಟೇ ಹೇಳುತ್ತದೆ. ಮರುಪಯಣಕ್ಕೆ ದಿನದ ಲೆಕ್ಕ ಕೊಟ್ಟಿಲ್ಲ. ಮೀನು, ಭತ್ತ, ಚಿನ್ನದ ದೋಣಿ, ಬಿಳಿ ನೊರೆ ನೇರವಾಗಿ ಸಂಗಂ ಪದ್ಯಗಳ ಚಿತ್ರಗಳು. "ಕಾಯಿತು" ಎಂಬ ಕ್ರಿಯಾಪದವನ್ನು ಬೇಕೆಂದೇ ಮರುಕಳಿಸಲಾಗಿದೆ. ಎರಡನೆಯ ರಾತ್ರಿ ಓದುವಾಗ ಮಗು ಅದನ್ನು ನಿಮಗಿಂತ ಮೊದಲೇ ಹೇಳಿದರೆ ಕಥೆ ನಾಟಿದೆ ಎಂದು ತಿಳಿಯಬೇಕು.

ಆರನೆಯ ಹಂತ: ಓದಿ ನೋಡಿ ತಿದ್ದುವುದು

ಮೊದಲ ಓದಿನಲ್ಲಿ ಮಗುವಿನ ಅಡ್ಡಪ್ರಶ್ನೆಗಳನ್ನು ಗಮನವಿಟ್ಟು ಕೇಳಿಸಿಕೊಳ್ಳಬೇಕು. "ಆಮೇಲೆ?" ಎಂದರೆ ಕಥೆ ಸರಿಯಾಗಿ ಸಾಗುತ್ತಿದೆ. "ಹಾಗಂದ್ರೆ?" ಎಂದು ಒಂದೇ ಪುಟದಲ್ಲಿ ಎರಡು ಮೂರು ಸಲ ಬಂದರೆ ಪಾಠದ ಪದಗಳು ಇನ್ನೂ ಉಳಿದಿವೆ, ಅವನ್ನು ತೆಗೆಯಬೇಕು. "ಗಾಳಿ ಯಾಕೆ ತಿರುಗುತ್ತೆ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಭೂಮಿ ಮತ್ತು ಕಡಲು ಕಾಯುವ ವ್ಯತ್ಯಾಸವನ್ನು ಆ ಹೊತ್ತಿನಲ್ಲಿ ವಿವರಿಸಲು ಹೊರಟರೆ ನಿದ್ದೆ ಹಾರಿಹೋಗುತ್ತದೆ. ಜೂನ್‌ನಲ್ಲಿ ನಮ್ಮ ಬಾಲ್ಕನಿಗೆ ಮಳೆ ತರುವ ಮುಂಗಾರೇ ಆ ಹಡಗನ್ನೂ ತಳ್ಳಿ ತಂದದ್ದು, ಚಳಿಗಾಲದಲ್ಲಿ ಅದು ಎದುರು ದಿಕ್ಕಿಗೆ ಬೀಸುತ್ತದೆ ಎಂದಷ್ಟು ಹೇಳಿ, ಉಳಿದದ್ದನ್ನು ಬೆಳಗಿಗೆ ಇಟ್ಟುಕೊಳ್ಳಬೇಕು.

ಕಾಳುಗಳ ಭಾಗದಲ್ಲಿ ಮಗು ಎದ್ದು ಕೂತು ತಾನೂ ಎಣಿಸುತ್ತೇನೆ ಎನ್ನುವ ಅಪಾಯವಿದೆ. ಹಾಗಾದರೆ ಎಂಬತ್ತೆರಡು ಕಾಳು ಎಣಿಸುವವರೆಗೆ ಯಾರಿಗೂ ನಿದ್ದೆಯಿಲ್ಲ. ಆ ಆಟವನ್ನು ಭಾನುವಾರದ ಹಗಲಿಗೆ ಮೀಸಲಿಡುವುದು ಉತ್ತಮ, ಮತ್ತು ಓದುವಾಗ ಅಲ್ಲಿ ಧ್ವನಿಯನ್ನು ಏರಿಸಬಾರದು.

ಬೆಂಗಳೂರಿನ ನಂಟನ್ನು ಕಥೆಯೊಳಗೆ ತುರುಕುವ ಆಸೆ ಕೆಲವರಿಗೆ ಆಗಬಹುದು. ಯಶವಂತಪುರದಲ್ಲಿ 1891ರಲ್ಲಿ ಮತ್ತು ಎಚ್‌ಎಎಲ್ ವಿಮಾನ ನಿಲ್ದಾಣದ ಪ್ರದೇಶದಲ್ಲಿ 1965ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ನಿಧಿಗಳು ಸಿಕ್ಕಿದ್ದವು. ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ರೋಮನ್ ನಾಣ್ಯಗಳು ದೊರೆತಿವೆ. ಆದರೆ ಈ ನಾಣ್ಯಗಳು ಒಳನಾಡಿಗೆ ಕೈಯಿಂದ ಕೈಗೆ ಬಂದವು, ವಳ್ಳಿಯ ಮೆಣಸು ಇತ್ತ ಬಂದದ್ದಲ್ಲ. ಅದನ್ನು ಸೇರಿಸಿದರೆ ಎಳೆ ಎರಡಾಗಿ ಸೀಳುತ್ತದೆ. ಮರುದಿನ ಯಶವಂತಪುರದ ಕಡೆ ಮೆಟ್ರೊದಲ್ಲಿ ಹೋಗುವಾಗ, ಚಿನ್ನದ ದೋಣಿ ನೆನಪಿದೆಯೇ ಎಂದು ಕೇಳಿ, ಅದೇ ಕಾಲದ ಬೆಳ್ಳಿ ಇಲ್ಲೂ ನೆಲದಡಿ ಇತ್ತು ಎಂದು ಹೇಳಿದರೆ ಅದಕ್ಕೆ ತಕ್ಕ ಜಾಗ ಸಿಗುತ್ತದೆ.

ಮಗು ಮುಂದಿನ ಕಥೆ ಕೇಳಿದರೆ, ಒಂಟೆ ಏರಿ ಹೋದ ಮೂಟೆಗಳನ್ನು ಹಿಂಬಾಲಿಸಬಹುದು. ಆ ಕಥೆಯ ತಿರುಳು ಸುಂಕ: ಮೂಡಣ ಕಡಲಿನಿಂದ ಬಂದ ಸರಕಿನ ನಾಲ್ಕನೆಯ ಒಂದು ಭಾಗವನ್ನು ರೋಮನ್ ಅಧಿಕಾರಿಗಳು ಅಲೆಕ್ಸಾಂಡ್ರಿಯಾದಲ್ಲಿ ತೆಗೆದುಕೊಳ್ಳುತ್ತಿದ್ದರು. ನಾಲ್ಕು ಗುಡ್ಡೆ ಮೆಣಸು ಮಾಡಿ ಒಂದನ್ನು ಪಕ್ಕಕ್ಕೆ ಸರಿಸುವ ಒಂದು ದೃಶ್ಯದಲ್ಲಿ ಅದು ಮುಗಿಯುತ್ತದೆ. ಹರ್ಮಾಪೊಲೋನ್ ಹೆಸರನ್ನು ಬಳಸಬೇಕೆಂಬ ಆಸೆ ಉಳಿದಿದ್ದರೆ ಅಲ್ಲಿ ಬಳಸಬಹುದು. ವಳ್ಳಿಯನ್ನು ಮಾತ್ರ ಆ ಹಡಗಿನ ಹತ್ತಿರ ತರದೆ, ಅವಳ ಮೊಮ್ಮಗಳ ಮೊಮ್ಮಗಳನ್ನು ದಡದಲ್ಲಿ ನಿಲ್ಲಿಸಬೇಕು.